ಯುಗಾದಿಯಿಂದ ಬೆಸ್ತು ವರಸ್‌ವರೆಗೆ: ಹಾಸನದ ಕಾಫಿ ಕ್ಯೂರಿಂಗ್ ಘಟಕವೊಂದರ ಶುಭಾಶಯ ಪಟ್ಟಿ

ಹಾಸನದ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ಘಟಕದ ಕಾಯಂ ತಂಡದಲ್ಲಿ 27 ಜನ. ಕಚೇರಿ, ಗುಣಮಟ್ಟದ ಲ್ಯಾಬ್, ಯಂತ್ರ ವಿಭಾಗ, ಗೋದಾಮು, ಬೀಜ ಆರಿಸುವ ಗಾರ್ಬ್ಲಿಂಗ್ ವಿಭಾಗದ ಮೇಲ್ವಿಚಾರಕಿಯರು, ಲೋಡಿಂಗ್ ಮೇಸ್ತ್ರಿಗಳು, ಎಲ್ಲರೂ ಒಂದೇ ವಾಟ್ಸಾಪ್ ಗ್ರೂಪ್‌ನಲ್ಲಿದ್ದಾರೆ. ತೋಟಗಳಿಂದ ಕಾಫಿ ಬಂದು ಬೀಳುವ ಮಾರ್ಚ್, ಏಪ್ರಿಲ್‌ನಲ್ಲೇ ಇಲ್ಲಿ ಕೆಲಸ ಜಾಸ್ತಿ. ನಮ್ಮ ದೇಶದ ಹೆಚ್ಚಿನ ಹೊಸ ವರ್ಷಗಳು ಬರುವುದೂ ಅದೇ ಎರಡು ತಿಂಗಳಲ್ಲಿ.

2025ರಲ್ಲಿ ಈ ಗ್ರೂಪ್‌ಗೆ ಹೋದದ್ದು ಎರಡು ಸಂದೇಶ. ಮಾರ್ಚ್ 30ರ ಭಾನುವಾರ ಯುಗಾದಿಗೆ ಮ್ಯಾನೇಜರ್ ಕಡೆಯಿಂದ "ಸಮಸ್ತ ಸಿಬ್ಬಂದಿಗೆ ಹೊಸ ವರ್ಷದ ಹಾರ್ದಿಕ ಶುಭಾಶಯಗಳು" ಎಂಬ ಸಾಲು. ಏಪ್ರಿಲ್ 14ರಂದು ಎಲ್ಲಿಂದಲೋ ಬಂದ ಒಂದು ಚಿತ್ರ. ಅದರಲ್ಲಿ ವಿಷು, ಪುತ್ತಾಂಡು, ಬೈಸಾಖಿ, ಬಿಹು, ಪೊಯ್ಲಾ ಬೈಸಾಖ್ ಎಂದು ಸಾಲಾಗಿ ಹೆಸರುಗಳು, ಕೆಳಗೆ ಒಂದು ದೀಪ. ಯಾರೂ ದೂರು ಹೇಳಲಿಲ್ಲ. ಇಂಥ ವಿಷಯದಲ್ಲಿ ದೂರು ಬರುವುದೂ ಇಲ್ಲ, ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗುತ್ತಾರೆ. ಆದರೆ ಸಂದೇಶವನ್ನು ತಂಡದ ಜೊತೆ ಹೋಲಿಸಿ ನೋಡಿದರೆ ತಪ್ಪು ಎದ್ದು ಕಾಣುತ್ತಿತ್ತು. ಬೈಸಾಖಿ ಆಚರಿಸುವವರು ತಂಡದಲ್ಲಿ ಒಬ್ಬರೂ ಇಲ್ಲ. ಬಂಗಾಳಿಯವರ ಹೊಸ ವರ್ಷ ಇದ್ದದ್ದು ಮರುದಿನ, 15ಕ್ಕೆ. ಒಡಿಶಾದವರ ಪಣಾ ಸಂಕ್ರಾಂತಿ ಆ ದಿನವೇ ಇದ್ದರೂ ಚಿತ್ರದಲ್ಲಿ ಹೆಸರೇ ಇರಲಿಲ್ಲ. ಲೆಕ್ಕಪತ್ರ ನೋಡುವ ಗುಜರಾತಿ ಅಕೌಂಟೆಂಟ್‌ಗೆ ಎರಡು ಸಲ ಹೊಸ ವರ್ಷದ ಶುಭಾಶಯ ಸಿಕ್ಕಿತು, ಅವರ ಹೊಸ ವರ್ಷವಾದ ಬೆಸ್ತು ವರಸ್ ದಿನ ಮಾತ್ರ ಸಿಗಲಿಲ್ಲ. ಎಲ್ಲಕ್ಕಿಂತ ದೊಡ್ಡದು ಏನೆಂದರೆ, ಏಪ್ರಿಲ್ 14 ಅಂಬೇಡ್ಕರ್ ಜಯಂತಿ. ಗಾರ್ಬ್ಲಿಂಗ್ ವಿಭಾಗದಲ್ಲಿ ಆ ದಿನವನ್ನೇ ವರ್ಷದ ಮುಖ್ಯ ದಿನವಾಗಿ ಆಚರಿಸುವವರಿದ್ದಾರೆ. ಗ್ರೂಪ್‌ನಲ್ಲಿ ಅದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

2026ಕ್ಕೆ ಇದನ್ನು ಸರಿಪಡಿಸುವ ಕೆಲಸ ಸಿಬ್ಬಂದಿ ವಿಭಾಗ ನೋಡಿಕೊಳ್ಳುವ ಮೇಡಂ ಕೈಗೆ ಬಂತು. ಅವರು ಹಿಡಿದ ದಾರಿ, ಅದರಲ್ಲಿ ಸಿಕ್ಕ ತೊಡಕು ಇಲ್ಲಿದೆ.

ಮೊದಲು ಕೇಳಿದ್ದು

ಊರು ನೋಡಿ, ಭಾಷೆ ನೋಡಿ ಹಬ್ಬ ಊಹಿಸುವುದೇ ಈ ಕೆಲಸದ ಮೊದಲ ಎಡವಟ್ಟು. ಹಾಗಾಗಿ ಫೆಬ್ರವರಿ ಎರಡನೇ ವಾರ ಪ್ರತಿಯೊಬ್ಬರನ್ನೂ ನಿಂತಲ್ಲೇ ಕೇಳಿದರು. ಫಾರಂ ಹಂಚಲಿಲ್ಲ. ಲೋಡಿಂಗ್‌ನಲ್ಲಿರುವ ಅಸ್ಸಾಂ, ಒಡಿಶಾದವರಿಗೆ ಕನ್ನಡ ಫಾರಂ ಓದಲು ಬರುವುದಿಲ್ಲ. ಕಾಗದ ಕೊಟ್ಟರೆ ಮೇಸ್ತ್ರಿಯೇ ತುಂಬಿ ಕೊಡುತ್ತಾನೆ, ಅಲ್ಲಿಗೆ ಮತ್ತೆ ಊಹೆಯೇ ಆಯಿತು.

ಕೇಳಿದ್ದು ನಾಲ್ಕೇ ಮಾತು. ಮನೆಯಲ್ಲಿ ಹೊಸ ವರ್ಷ ಎಂದು ಆಚರಿಸುವ ದಿನ ಇದೆಯೇ, ಇದ್ದರೆ ಏನೆಂದು ಕರೆಯುತ್ತೀರಿ? ಈ ವರ್ಷ ಯಾವ ತಾರೀಕು? ಆ ದಿನ ರಜೆ ಬೇಕೇ? ಶುಭಾಶಯವನ್ನು ಗ್ರೂಪ್‌ನಲ್ಲಿ ಹೇಳಬಹುದೇ, ನಿಮಗೆ ಮಾತ್ರ ಹೇಳಿದರೆ ಸಾಕೇ, ಅಥವಾ ಬೇಡವೇ? ಜಾತಿ, ಧರ್ಮ ಕೇಳಲಿಲ್ಲ. ಹಬ್ಬದ ಹೆಸರು ಗೊತ್ತಾದ ಮೇಲೆ ಶುಭಾಶಯಕ್ಕೆ ಅದು ಬೇಕಾಗಿಯೂ ಇಲ್ಲ.

ಬಂದ ಉತ್ತರ ನೋಡಿದರೆ, ಊಹೆ ಎಷ್ಟು ಕಡೆ ಕೈಕೊಡುತ್ತಿತ್ತೆಂದು ಗೊತ್ತಾಗುತ್ತದೆ. 13 ಜನರದ್ದು ಚಾಂದ್ರಮಾನ ಯುಗಾದಿ. ಅವರಲ್ಲಿ ಅನಂತಪುರ ಕಡೆಯ ಒಬ್ಬರು ಉಗಾದಿ ಎಂದರು, ಕೊಂಕಣಿ ಮನೆಯ ಒಬ್ಬರು ಸಂಸಾರ ಪಾಡ್ವೊ ಎಂದರು, ಉಳಿದವರದ್ದು ನಮ್ಮ ಯುಗಾದಿ. ಏಪ್ರಿಲ್ ನಡುವಿನ ಹೊಸ ವರ್ಷದವರು ಒಂಬತ್ತು ಜನ: ಉಡುಪಿ ಕಡೆಯ ಇಬ್ಬರಿಗೆ ಬಿಸು, ತಮಿಳಿನ ಇಬ್ಬರಿಗೆ ಪುತ್ತಾಂಡು, ಒಬ್ಬ ಮಲಯಾಳಿಗೆ ವಿಷು, ಒಬ್ಬ ಬಂಗಾಳಿಗೆ ಪೊಯ್ಲಾ ಬೈಸಾಖ್, ಒಬ್ಬ ಅಸ್ಸಾಮಿಗೆ ರಂಗಾಲಿ ಬಿಹು, ಒಬ್ಬ ಒಡಿಯಾಗೆ ಪಣಾ ಸಂಕ್ರಾಂತಿ. ಒಂಬತ್ತನೆಯವರು ಮಾತ್ರ ಎಲ್ಲರ ಲೆಕ್ಕ ತಪ್ಪಿಸಿದರು. ಹಾಸನದಲ್ಲೇ ಹುಟ್ಟಿ ಬೆಳೆದ, ಕನ್ನಡದಲ್ಲೇ ಮಾತಾಡುವ ಲ್ಯಾಬ್‌ನ ಹಿರಿಯರು. ಅಯ್ಯಂಗಾರ್ ಮನೆತನ, ಮನೆಯಲ್ಲಿ ನಡೆಯುವುದು ಸೌರಮಾನ ಯುಗಾದಿ. "ಮಾರ್ಚಲ್ಲಿ ಹೇಳಿದ್ರೂ ಬೇಜಾರಿಲ್ಲಮ್ಮ, ಊರೆಲ್ಲ ಮಾಡೋವಾಗ ನಾವೂ ಬೇವು ಬೆಲ್ಲ ತಿಂತೀವಿ. ಆದ್ರೆ ಪೂಜೆ, ಪಂಚಾಂಗ ಶ್ರವಣ ಎಲ್ಲಾ ಏಪ್ರಿಲಲ್ಲೇ" ಎಂದರು.

ಉಳಿದ ಐವರಲ್ಲಿ ಗುಜರಾತಿ ಅಕೌಂಟೆಂಟ್‌ರ ಹೊಸ ವರ್ಷ ದೀಪಾವಳಿಯ ಹೊತ್ತಿಗೆ. ಇನ್ನು ನಾಲ್ವರಿಗೆ ಈ ಪಟ್ಟಿಯಲ್ಲಿ ಸೇರುವ ಹೊಸ ವರ್ಷ ಇಲ್ಲ. ಅವರ ವಿಷಯ ಮುಂದೆ ಬರುತ್ತದೆ.

ತಾರೀಕು ಪ್ರತಿ ವರ್ಷ ಹೊಸದಾಗಿ

ಪಟ್ಟಿ ಒಂದು ಸಲ ಮಾಡಿಟ್ಟರೆ ಹೆಸರುಗಳು ವರ್ಷಗಟ್ಟಲೆ ನಡೆಯುತ್ತವೆ. ತಾರೀಕು ನಡೆಯುವುದಿಲ್ಲ. ಈ ಘಟಕದ ಪಟ್ಟಿಯಲ್ಲಿ ತಾರೀಕಿನ ಕಲಂ ಖಾಲಿ ಬಿಟ್ಟು, ಪ್ರತಿ ಫೆಬ್ರವರಿಯಲ್ಲಿ ಹೊಸದಾಗಿ ತುಂಬುವ ನಿಯಮ ಮಾಡಿಕೊಂಡರು. ಅದರ ಕಾರಣ ತಿಳಿದವರಿಗೆ ಹಳೆಯ ಸಂದೇಶವನ್ನು ಹಾಗೇ ಮತ್ತೆ ಕಳಿಸುವ ಆಸೆ ಹುಟ್ಟುವುದಿಲ್ಲ.

ಯುಗಾದಿ, ಗುಡಿಪಾಡ್ವ ಎಲ್ಲ ಚೈತ್ರ ಶುದ್ಧ ಪಾಡ್ಯಮಿ, ಅಂದರೆ ಚಂದ್ರನ ಲೆಕ್ಕ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಹಾಗಾಗಿ ಹಬ್ಬ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದ ವರ್ಷದ ನಂತರ ಒಮ್ಮೆಲೇ ಮುಂದೆ ಹಾರುತ್ತದೆ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸರಿದಾಟ, ಕ್ಯಾಲೆಂಡರ್ ನೋಡದೆ ಯಾರೂ ಯುಗಾದಿ ಶುಭಾಶಯ ಕಳಿಸುವುದಿಲ್ಲ.

ಮೋಸ ಹೋಗುವುದು ಏಪ್ರಿಲ್‌ನಲ್ಲಿ. ಸೌರಮಾನದ ಹೊಸ ವರ್ಷ ಸೂರ್ಯ ಮೇಷ ರಾಶಿಗೆ ಬರುವ ಗಳಿಗೆಗೆ ಕಟ್ಟಿಕೊಂಡದ್ದು, ಹಾಗಾಗಿ ಎಲ್ಲವೂ 14ಕ್ಕೇ ಎಂಬ ಭಾವನೆ ಇದೆ. ಆದರೆ ಆ ಗಳಿಗೆ ವರ್ಷದಿಂದ ವರ್ಷಕ್ಕೆ ಸುಮಾರು ಆರು ತಾಸು ಮುಂದೆ ಹೋಗುತ್ತಾ, ಫೆಬ್ರವರಿಗೆ 29 ದಿನ ಬಂದ ವರ್ಷ ಮತ್ತೆ ಹಿಂದೆ ಬರುತ್ತದೆ. ಸಂಕ್ರಮಣದ ಗಳಿಗೆ ಯಾವುದೇ ಇರಲಿ, ಯಾವ ದಿನವನ್ನು ಹಬ್ಬವೆಂದು ಹಿಡಿಯಬೇಕು ಎಂಬ ನಿಯಮ ಒಂದೊಂದು ನಾಡಿಗೆ ಒಂದೊಂದು. ತಮಿಳರ ಪದ್ಧತಿಯಲ್ಲಿ ಸಂಕ್ರಮಣ ಸೂರ್ಯಾಸ್ತದ ಒಳಗೆ ಆದರೆ ಅದೇ ದಿನ ಚಿತ್ತಿರೈ ತಿಂಗಳ ಮೊದಲ ದಿನ, ಪುತ್ತಾಂಡು. ಕೇರಳದಲ್ಲಿ ವಿಷು ಎಂದರೆ ನಸುಕಿನಲ್ಲಿ ಕಣಿ, ಅಂದರೆ ಜೋಡಿಸಿಟ್ಟ ಮಂಗಳ ವಸ್ತುಗಳನ್ನು, ಕಾಣುವ ಹಬ್ಬ. ಸೂರ್ಯೋದಯ ಕಳೆದ ಮೇಲೆ ಸಂಕ್ರಮಣವಾದರೆ ಕಣಿ ಮರುದಿನದ ನಸುಕಿಗೆ. 2025ರಲ್ಲಿ ಸಂಕ್ರಮಣ ಬೆಳಗಿನ ಜಾವವೇ ಆಗಿದ್ದರಿಂದ ಪುತ್ತಾಂಡು, ವಿಷು ಎರಡೂ 14ಕ್ಕೇ ಬಿದ್ದವು. 2026ರಲ್ಲಿ ಸಂಕ್ರಮಣ 14ರ ಬೆಳಗ್ಗೆ, ಹೊತ್ತು ಏರಿದ ಮೇಲೆ. ಹಾಗಾಗಿ ಪುತ್ತಾಂಡು 14, ವಿಷು 15. 2022, 2023ರಲ್ಲೂ ವಿಷು 15ಕ್ಕೇ ಇತ್ತು. 2025ರ ತಾರೀಕು ನಕಲು ಮಾಡಿದ್ದರೆ ಮಲಯಾಳಿ ಸಹೋದ್ಯೋಗಿಗೆ ಕಣಿ ಜೋಡಿಸುವ ಮೊದಲೇ ಶುಭಾಶಯ ತಲುಪುತ್ತಿತ್ತು.

ಬಂಗಾಳದ್ದು ಮತ್ತು ಅಸ್ಸಾಂನದು ಮತ್ತೊಂದು ಲೆಕ್ಕ. ಪಶ್ಚಿಮ ಬಂಗಾಳದಲ್ಲಿ ಪೊಯ್ಲಾ ಬೈಸಾಖ್ ಸಾಮಾನ್ಯವಾಗಿ ಏಪ್ರಿಲ್ 15. ಬಾಂಗ್ಲಾದೇಶದಲ್ಲಿ ಅದನ್ನು 14ಕ್ಕೆ ಗಟ್ಟಿ ಮಾಡಿದ್ದಾರೆ. ಅಂತರ್ಜಾಲದಲ್ಲಿ ಹುಡುಕಿದರೆ ಎರಡೂ ತಾರೀಕು ಸಿಗುವುದಕ್ಕೆ ಇದೇ ಕಾರಣ. ಅಸ್ಸಾಂನ ಬಿಹು ಒಂದೇ ದಿನದ ಹಬ್ಬವಲ್ಲ. 2026ರಲ್ಲಿ 14ರಂದು ಗೋರು ಬಿಹು, ದನಗಳಿಗೆ ಮೀಯಿಸಿ ಹೊಸ ಹಗ್ಗ ಕಟ್ಟುವ ದಿನ, ಹಳೆಯ ವರ್ಷದ ಕೊನೆಯ ದಿನ. 15ರಂದು ಮಾನುಹ್ ಬಿಹು, ಬೊಹಾಗ್ ತಿಂಗಳ ಮೊದಲ ದಿನ, ಹೊಸ ಬಟ್ಟೆ, ಹಿರಿಯರಿಗೆ ಗಾಮೊಸಾ ಎಂಬ ನೇಯ್ದ ವಸ್ತ್ರ ಕೊಟ್ಟು ನಮಸ್ಕರಿಸುವುದು ಅಂದೇ. ಹೊಸ ವರ್ಷದ ಶುಭಾಶಯ ಸಲ್ಲುವುದು ಈ ಎರಡನೆಯ ದಿನಕ್ಕೆ.

ಮೇಡಂ ತಾರೀಕು ತುಂಬಿದ ವಿಧಾನ ಸರಳ. ಕನ್ನಡ ಕ್ಯಾಲೆಂಡರ್‌ನಲ್ಲಿ ಚಾಂದ್ರಮಾನ, ಸೌರಮಾನ ಯುಗಾದಿ ಎರಡೂ ಅಚ್ಚಾಗಿರುತ್ತವೆ, ಅದನ್ನು ಹಾಕಿದರು. ಬೇರೆ ರಾಜ್ಯದ ಹಬ್ಬಗಳಿಗೆ ಆಯಾ ರಾಜ್ಯ ಸರ್ಕಾರದ ರಜಾ ಪಟ್ಟಿ ನೋಡಿದರು. ಕೊನೆಗೆ ಅದೇ ವ್ಯಕ್ತಿಯ ಬಳಿ "ಈ ಸಲ ನಿಮ್ಮನೇಲಿ 15ಕ್ಕೇ ತಾನೆ?" ಎಂದು ಕೇಳಿ ಪಕ್ಕದಲ್ಲಿ ಗುರುತು ಹಾಕಿದರು. ಬಿಸುವಿಗೆ ಈ ಮೂರನೆಯ ಹೆಜ್ಜೆಯೇ ನಿರ್ಣಾಯಕವಾಯಿತು. ಕರಾವಳಿಯಲ್ಲಿ ಮನೆಮನೆಯ ಪಂಚಾಂಗ ಬೇರೆ. ಉಡುಪಿ ಕಡೆಯ ಇಬ್ಬರೂ ಊರಿಗೆ ಫೋನ್ ಮಾಡಿ ಕೇಳಿಕೊಂಡೇ ತಾರೀಕು ಹೇಳಿದರು.

ಸಂದೇಶದ ಮಾತು

ಹಳೆಯ ಸಂದೇಶದಲ್ಲಿ "ಸಮಸ್ತ ಸಿಬ್ಬಂದಿಗೆ ಹೊಸ ವರ್ಷ" ಎಂದಿತ್ತು. ಅಲ್ಲಿ ತೊಡಕಿರುವುದು "ಸಮಸ್ತ" ಎಂಬಲ್ಲಿ. 27ರಲ್ಲಿ 14 ಜನರಿಗೆ ಆ ದಿನ ಹೊಸ ವರ್ಷವೇ ಅಲ್ಲ. ಹೊಸ ಸಂದೇಶದಲ್ಲಿ ಹಬ್ಬ ಯಾರದ್ದೋ ಅವರಿಗೆ ಶುಭಾಶಯ, ಉಳಿದವರಿಗೆ ಮಾಹಿತಿ ಎಂದು ಬೇರೆ ಮಾಡಿದರು. ಮಾರ್ಚ್ 18ರ ಸಂಜೆ ಗ್ರೂಪ್‌ಗೆ ಹೋದದ್ದು ಹೀಗಿತ್ತು:

"ನಾಳೆ ಯುಗಾದಿ, ಉಗಾದಿ, ಸಂಸಾರ ಪಾಡ್ವೊ ಆಚರಿಸುವ ನಮ್ಮ ಎಲ್ಲ ಗೆಳೆಯರಿಗೂ ಹಬ್ಬದ ಶುಭಾಶಯಗಳು. ನಾಳೆ ಗುರುವಾರ ಘಟಕಕ್ಕೆ ರಜೆ. ಶುಕ್ರವಾರ ಎಂದಿನಂತೆ ಕೆಲಸ, ಹೊಸತೊಡಕಿಗೆ ಅರ್ಧ ದಿನ ಬೇಕಾದವರು ಈಗಲೇ ತಿಳಿಸಿ."

ಇದರಲ್ಲಿ ಉಪಮೆ ಇಲ್ಲ, ಚಿಗುರು, ಕೋಗಿಲೆ ಏನೂ ಇಲ್ಲ. ರಜೆಯ ಸುದ್ದಿ ಇದೆ. ಒಡಿಶಾದ ಮೇಸ್ತ್ರಿಗೆ ಯುಗಾದಿಯಿಂದ ಬೇಕಾದದ್ದು ಅದು ಒಂದೇ, ಅದು ಅವನಿಗೂ ಸಿಕ್ಕಿತು.

ಕಾರ್ಡ್ ಒಂದನ್ನು ಅಚ್ಚು ಹಾಕಿಸುವ ಯೋಚನೆಯೂ ಇತ್ತು. 2026ರ ಸಂವತ್ಸರದ ಹೆಸರು ಪರಾಭವ. ಡಿಸೈನ್ ಮಾಡುವ ಹುಡುಗ ಅದು ಅಚ್ಚಿನ ತಪ್ಪಿರಬೇಕೆಂದು "ಪ್ರಭವ" ಎಂದು ತಿದ್ದಿಬಿಟ್ಟ. ಪ್ರಭವ ಅರವತ್ತರಲ್ಲಿ ಮೊದಲನೆಯದು, ಬಂದುಹೋಗಿದ್ದು 1987ರಲ್ಲಿ. ಸರಿಯಾಗಿ ಅಚ್ಚು ಹಾಕಿಸಿದರೂ "ಪರಾಭವದ ಶುಭಾಶಯ" ಎಂದು ಓದಿ ನಗುವವರಿದ್ದಾರೆ. ಸಂವತ್ಸರದ ಹೆಸರನ್ನೇ ಕೈಬಿಟ್ಟು ಕಾರ್ಡ್ ಯೋಜನೆಯನ್ನೂ ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ವೈಯಕ್ತಿಕ ಸಂದೇಶಕ್ಕೆ ಅವರವರ ಭಾಷೆಯ ಒಂದು ಸಾಲು ಸಾಕು. ತೆಲುಗಿನವರಿಗೆ "ಉಗಾದಿ ಶುಭಾಕಾಂಕ್ಷಲು", ತುಳುವರಿಗೆ "ಬಿಸು ಪರ್ಬದ ಎಡ್ಡೆಪ್ಪುಲು", ಮಲಯಾಳಿಗೆ "ವಿಷು ಆಶಂಸಗಳ್", ತಮಿಳರಿಗೆ "ಪುತ್ತಾಂಡು ವಾಳ್ತುಕ್ಕಳ್", ಬಂಗಾಳಿಗೆ "ಶುಭೊ ನಬೊಬರ್ಷೊ", ಗುಜರಾತಿಗೆ "ಸಾಲ್ ಮುಬಾರಕ್". ಕನ್ನಡ ಲಿಪಿಯಲ್ಲೇ ಬರೆದರೂ ನಡೆಯುತ್ತದೆ, ಎದುರು ಸಿಕ್ಕಾಗ ಬಾಯಲ್ಲಿ ಹೇಳಿದರೆ ಇನ್ನೂ ಚೆನ್ನ. ಅವರ ಲಿಪಿಯಲ್ಲಿ ನಕಲು ಮಾಡಿ ಹಾಕಲು ಹೋದರೆ ಅಪಾಯ ಇದೆ. ಬಂಗಾಳಿ ಮತ್ತು ಅಸ್ಸಾಮಿ ಲಿಪಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಬಂಗಾಳಿಗೆ ಬರೆದಿಟ್ಟ ಸಾಲಿನಲ್ಲಿ ಹಬ್ಬದ ಹೆಸರು ಮಾತ್ರ ಬದಲಿಸಿ ಅಸ್ಸಾಮಿ ಹುಡುಗನಿಗೆ ಕಳಿಸಲು ಕಚೇರಿಯವರೊಬ್ಬರು ಸಿದ್ಧವಾಗಿದ್ದರು. ವ್ಯತ್ಯಾಸ ಹಿಡಿಯುವ ಸುಲಭ ಗುರುತು "ರ" ಅಕ್ಷರ: ಬಂಗಾಳಿಯಲ್ಲಿ ಅದರ ಕೆಳಗೆ ಒಂದು ಚುಕ್ಕೆ ಇರುತ್ತದೆ, ಅಸ್ಸಾಮಿಯಲ್ಲಿ ಚುಕ್ಕೆಯ ಬದಲು ಅಕ್ಷರದ ಒಳಗೆ ಓರೆಗೆರೆ. ತನ್ನ ಭಾಷೆಯನ್ನು ಬಂಗಾಳಿಯೆಂದು ತಿಳಿಯುವುದು ಅಸ್ಸಾಮಿಗೆ ಶುಭಾಶಯ ಮರೆತದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ. ಆ ಹುಡುಗನಿಗೆ ಕನ್ನಡದಲ್ಲೇ "ರಂಗಾಲಿ ಬಿಹು ಶುಭಾಶಯ" ಎಂದು ಹೋಯಿತು, ಅವನಿಗೆ ಅಷ್ಟು ಕನ್ನಡ ಬರುತ್ತದೆ.

ಹಬ್ಬವನ್ನು ಅದರ ಹೆಸರಿನಿಂದಲೇ ಕರೆಯಬೇಕು, "ತಮಿಳು ಹೊಸ ವರ್ಷ", "ಮಲಯಾಳಿ ಹೊಸ ವರ್ಷ" ಎಂದು ಬಿಡಿಸಿ ಹೇಳಲು ಹೋಗಬಾರದು ಎಂಬುದು ಈ ಪಟ್ಟಿಯ ಇನ್ನೊಂದು ನಿಯಮ. ಕೇರಳದಲ್ಲಿ ಕೊಲ್ಲವರ್ಷ ಬದಲಾಗುವುದು ಆಗಸ್ಟ್ ನಡುವೆ, ಚಿಙ್ಙಂ ಒಂದರಂದು. ವಿಷುವಿಗೆ "ಮಲಯಾಳಿ ಹೊಸ ವರ್ಷ" ಎಂದರೆ ಅರ್ಧ ಮಾತ್ರ ಸರಿ. ತಮಿಳುನಾಡಿನಲ್ಲಂತೂ ಇದು ರಾಜಕೀಯದ ವಿಷಯವೂ ಹೌದು. 2008ರಲ್ಲಿ ಅಲ್ಲಿನ ಸರ್ಕಾರ ತಮಿಳು ಹೊಸ ವರ್ಷವನ್ನು ತೈ ಒಂದಕ್ಕೆ, ಪೊಂಗಲ್ ದಿನಕ್ಕೆ, ಕಾನೂನು ಮಾಡಿ ಬದಲಿಸಿತು. 2011ರಲ್ಲಿ ಮುಂದಿನ ಸರ್ಕಾರ ಅದನ್ನು ರದ್ದು ಮಾಡಿ ಚಿತ್ತಿರೈಗೆ ವಾಪಸ್ ತಂದಿತು. ಇಂದಿಗೂ ತೈ ಒಂದೇ ನಮ್ಮ ಹೊಸ ವರ್ಷ ಎನ್ನುವವರಿದ್ದಾರೆ. ಈ ತಂಡದ ಇಬ್ಬರೂ ಪುತ್ತಾಂಡು ಎಂದಿದ್ದರಿಂದ ತೊಂದರೆಯಾಗಲಿಲ್ಲ. ಕೇಳದೆ ಹೇಳಿದ್ದರೆ ಚರ್ಚೆಗೆ ಎಳೆದಂತಾಗುತ್ತಿತ್ತು.

ಬೇವು ಬೆಲ್ಲ ಕೊಟ್ಟ ದಿನ

ಶುಭಾಶಯದ ಜೊತೆ ಬೇವು ಬೆಲ್ಲ ಹಂಚುವುದು ಘಟಕದ ಹಳೆಯ ರೂಢಿ. 2026ರಲ್ಲಿ ಯಾವ ದಿನ ಎಂಬುದೇ ಪ್ರಶ್ನೆಯಾಯಿತು. 18 ಅಮಾವಾಸ್ಯೆ. ಹಬ್ಬದ ಪೂಜೆಗೆ ಮೊದಲೇ ಬೇವು ಬೆಲ್ಲ ತಿನ್ನುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ. 19 ರಜೆ. 20 ಹೊಸತೊಡಕು, ಹಾಸನ ಸೀಮೆಯಲ್ಲಿ ಅಂದು ಮಾಂಸದೂಟ, ಮಧ್ಯಾಹ್ನದ ಹೊತ್ತಿಗೆ ಅರ್ಧ ಕಚೇರಿ ಖಾಲಿ. 21 ರಂಜಾನ್ ರಜೆ, ಮರುದಿನ ಭಾನುವಾರ. ಸೋಮವಾರಕ್ಕೆ ಹಾಕಿದರೆ ಹಬ್ಬ ಹಳಸುತ್ತದೆ. ಕೊನೆಗೆ 20ರ ಬೆಳಗ್ಗೆ ಹನ್ನೊಂದರ ಕಾಫಿ ಹೊತ್ತಿಗೆ ನಿಗದಿಯಾಯಿತು. ಆದರೆ ಅಂದು ಇಬ್ಬರು ಮುಸ್ಲಿಂ ಸಹೋದ್ಯೋಗಿಗಳು ಉಪವಾಸ. ಹಾಗಾಗಿ ತಟ್ಟೆ ಹಿಡಿದು "ತಗೊಳ್ಳಿ, ತಗೊಳ್ಳಿ" ಎಂದು ಸುತ್ತುವುದನ್ನು ಬಿಟ್ಟು, ಪೊಟ್ಟಣ ಕಟ್ಟಿ ಮೇಜಿನ ಮೇಲೆ ಇಟ್ಟರು. ಬೇಕಾದವರು ಅಲ್ಲೇ ತಿಂದರು, ಬೇಕಾದವರು ಮನೆಗೆ ಒಯ್ದರು, ಯಾಕೆ ತಿನ್ನಲಿಲ್ಲ ಎಂದು ಯಾರೂ ಯಾರನ್ನೂ ಕೇಳುವ ಪ್ರಸಂಗ ಬರಲಿಲ್ಲ.

27 ಪೊಟ್ಟಣಕ್ಕೆ 300 ಗ್ರಾಂ ಪುಡಿ ಮಾಡಿದ ಬೆಲ್ಲ, 100 ಗ್ರಾಂ ಹುರಿಗಡಲೆ, ಎರಡು ಹಿಡಿ ಬೇವಿನ ಹೂವು ಹಿಡಿಯಿತು. ಸಕಲೇಶಪುರದ ಕಡೆ ಮಲೆನಾಡಿನಲ್ಲಿ ಬೇವಿನ ಮರ ಹುಡುಕಬೇಕು, ಅರಸೀಕೆರೆ ಕಡೆಯಿಂದ ಬರುವವರಿಗೆ ಹೇಳಿದರೆ ಚೀಲ ತುಂಬ ತರುತ್ತಾರೆ. ಹೂವನ್ನು ಹಸಿಯಾಗಿಯೇ ಬೆಲ್ಲಕ್ಕೆ ಬೆರೆಸಿ ಪೊಟ್ಟಣ ಕಟ್ಟಿದರೆ ಬೆಲ್ಲ ನೀರು ಬಿಟ್ಟು ಕಾಗದ ಅಂಟುತ್ತದೆ. ಅರ್ಧ ದಿನ ನೆರಳಲ್ಲಿ ಆರಿಸಿ, ಹಂಚುವ ದಿನ ಬೆಳಗ್ಗೆಯೇ ಬೆರೆಸಬೇಕು.

ಎಲ್ಲರ ಹಬ್ಬದ ತಿಂಡಿಯನ್ನೂ ಒಂದೇ ದಿನ ಮೇಜಿನ ಮೇಲೆ ಜೋಡಿಸೋಣ, ಒಬ್ಬೊಬ್ಬರೂ ಒಂದೊಂದು ಮಾಡಿ ತರಲಿ ಎಂಬ ಸಲಹೆ ಕಚೇರಿಯಿಂದ ಬಂದಿತ್ತು. ಮೇಡಂ ಬೇಡವೆಂದರು, ಅದು ಸರಿಯಾದ ತೀರ್ಮಾನ. ಬಾಡಿಗೆ ಕೋಣೆಯಲ್ಲಿ ನಾಲ್ವರು ಸೇರಿ ಅಡುಗೆ ಮಾಡಿಕೊಳ್ಳುವ ಲೋಡಿಂಗ್ ಹುಡುಗನಿಗೆ "ನಿಮ್ಮ ಕಡೆಯ ಪಾನಕ ಮಾಡಿ ತನ್ನಿ" ಎನ್ನುವುದು ಗೌರವವಲ್ಲ, ಹೆಚ್ಚುವರಿ ಕೆಲಸ.

ಏಪ್ರಿಲ್‌ನ ಮೂರು ದಿನ

ಮಾರ್ಚ್‌ನಲ್ಲಿ ಒಂದು ಸಂದೇಶ ಸಾಕಾಗಿತ್ತು. ಏಪ್ರಿಲ್‌ನಲ್ಲಿ 14 ಮಂಗಳವಾರ, 15 ಬುಧವಾರ ಎಂದು ಎರಡು ದಿನಕ್ಕೆ ಹಂಚಿಹೋದ ಹಬ್ಬಗಳು, ಅದರ ಜೊತೆ 14ಕ್ಕೆ ಅಂಬೇಡ್ಕರ್ ಜಯಂತಿಯ ರಜೆ. ಎಲ್ಲವನ್ನೂ ಸೇರಿಸಿ ಒಂದೇ ಸಂದೇಶ ಮಾಡುವ ಆಸೆ ಸಹಜವೇ. ಮಾಡಿದರೆ ಹಳೆಯ ಚಿತ್ರದ ಕಥೆಯೇ.

ಗ್ರೂಪ್‌ಗೆ 13ರ ಸಂಜೆ ಹೊಸ ವರ್ಷದ ಸಂದೇಶ ಹೋಯಿತು: "ನಾಳೆ ಪುತ್ತಾಂಡು, ಪಣಾ ಸಂಕ್ರಾಂತಿ, ನಾಡಿದ್ದು ವಿಷು, ಪೊಯ್ಲಾ ಬೈಸಾಖ್, ಮಾನುಹ್ ಬಿಹು. ಬಿಸು, ಸೌರಮಾನ ಯುಗಾದಿ ಆಚರಿಸುವವರೂ ಸೇರಿದಂತೆ ನಿಮಗೆಲ್ಲ ಹಬ್ಬದ ಶುಭಾಶಯಗಳು. ಬುಧವಾರ ರಜೆ ಕೇಳಿದವರಿಗೆ ಮಂಜೂರಾಗಿದೆ." ತಂಡದಲ್ಲಿ ಇರುವ ಹಬ್ಬ ಮಾತ್ರ ಇದೆ, ಇಲ್ಲದ್ದು ಇಲ್ಲ. ದಿನ ಬೇರೆ ಬೇರೆ ಎಂಬುದು ಸಂದೇಶದಲ್ಲೇ ಕಾಣುತ್ತದೆ.

14ರ ಬೆಳಗ್ಗೆ ಗ್ರೂಪ್‌ನಲ್ಲಿ ಅಂಬೇಡ್ಕರ್ ಜಯಂತಿಯ ಸಂದೇಶ ಒಂದೇ. ಅದರ ಕೆಳಗೆ ಹೊಸ ವರ್ಷದ ಮಾತು ಬೆರೆಸಲಿಲ್ಲ, ಅಂದು ತಮಿಳರಿಗೂ ಒಡಿಯಾದವರಿಗೂ ಹೋಗಬೇಕಾದದ್ದು ಅವರವರ ಫೋನಿಗೆ ಹೋಯಿತು. ಗಾರ್ಬ್ಲಿಂಗ್ ಮೇಲ್ವಿಚಾರಕಿಯೊಬ್ಬರು ಮೆರವಣಿಗೆಯ ಫೋಟೊ ಗ್ರೂಪ್‌ಗೆ ಹಾಕಿದರು, ಆ ಗ್ರೂಪ್‌ನಲ್ಲಿ ಅದೇ ಮೊದಲ ಸಲ.

ಹೊತ್ತಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ಜನವರಿ ಒಂದರ ಅಭ್ಯಾಸದಲ್ಲಿ ರಾತ್ರಿ ಹನ್ನೆರಡಕ್ಕೆ ಸಂದೇಶ ಕಳಿಸುವವರಿದ್ದಾರೆ. ಈ ಹಬ್ಬಗಳ ದಿನ ಶುರುವಾಗುವುದು ಸೂರ್ಯೋದಯಕ್ಕೆ. ವಿಷುವಿನ ಮನೆಯಲ್ಲಿ ಎದ್ದವರು ಕಣ್ಣು ಮುಚ್ಚಿಕೊಂಡೇ ಬಂದು ಮೊದಲು ನೋಡುವುದು ಕಣಿಯನ್ನು: ಉರುಳಿಯಲ್ಲಿ ಅಕ್ಕಿ, ಕಣಿ ಸೌತೆ, ಕೊನ್ನೆ ಹೂವು, ಕನ್ನಡಿ, ನಾಣ್ಯ, ದೀಪ. ದಿಂಬಿನ ಪಕ್ಕ ಫೋನ್ ಬೆಳಗಿ ಶುಭಾಶಯ ಬಂದರೆ ಮೊದಲು ಕಂಡದ್ದು ಕಂಪನಿಯ ಸಂದೇಶವಾಗುತ್ತದೆ. ಬಿಸುವಿನ ಕಣಿಗೂ ಇದೇ ಮಾತು. ಪಟ್ಟಿಯಲ್ಲಿ ಈ ಮೂವರ ಎದುರು "ಬೆಳಗ್ಗೆ 9ರ ನಂತರ" ಎಂದು ಬರೆದರು. ಯುಗಾದಿಗಾದರೆ ಎಣ್ಣೆ ಸ್ನಾನ, ಪೂಜೆಯ ಗಡಿಬಿಡಿಯಲ್ಲಿ ಬೆಳಗ್ಗೆ ಯಾರೂ ಫೋನ್ ಮುಟ್ಟುವುದಿಲ್ಲ, ಹಿಂದಿನ ಸಂಜೆಯೇ ಸರಿ.

ಪಟ್ಟಿಯಲ್ಲಿ ಸೇರದ ನಾಲ್ವರು

ನಾಲ್ವರ ಎದುರು ಹೊಸ ವರ್ಷದ ಕಲಂ ಖಾಲಿ ಉಳಿಯಿತು. ಒಬ್ಬರು ಕ್ರೈಸ್ತ ಮಲಯಾಳಿ. ಹಳೆಯ ಚಿತ್ರದಲ್ಲಿ ವಿಷು ಶುಭಾಶಯ ಬಂದಾಗ ಮರುಮಾತಾಡದೆ ಧನ್ಯವಾದ ಹೇಳಿದ್ದವರು, ಈಗ ಕೇಳಿದಾಗ "ನಮ್ಮದು ಜನವರಿ ಒಂದೇ ಮೇಡಂ, ವಿಷು ಪಕ್ಕದ ಮನೆಯವರದ್ದು" ಎಂದರು. ಇನ್ನೊಬ್ಬ ಅಸ್ಸಾಂನಿಂದ ಬಂದವನೇ. ಆದರೆ ಚಹಾ ತೋಟದ ಆದಿವಾಸಿ ಕುಟುಂಬದ ಹುಡುಗ, ತನ್ನ ಮನೆಯ ದೊಡ್ಡ ಹಬ್ಬ ಕರಮ್ ಎಂದ. ಅಸ್ಸಾಂ ಎಂದ ಕೂಡಲೇ ಬಿಹು ಎಂದು ಬರೆದುಕೊಂಡಿದ್ದರೆ ಅದು ಅವನ ಜೊತೆಗಾರನಿಗೆ ಸರಿ, ಅವನಿಗೆ ತಪ್ಪು. ಕರಮ್ ಬರುವುದು ಭಾದ್ರಪದದಲ್ಲಿ. ಅವನ ಹೆಸರಿನ ಮುಂದೆ ಅದನ್ನೇ ಬರೆದರು.

ಇಬ್ಬರು ಮುಸ್ಲಿಂ ಸಹೋದ್ಯೋಗಿಗಳ ವಿಷಯದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಒಂದು ತಪ್ಪು ಆಗುವುದರಲ್ಲಿತ್ತು. ಎಲ್ಲರ ಹೊಸ ವರ್ಷ ಸೇರಿಸುವಾಗ ಹಿಜರಿ ಹೊಸ ವರ್ಷ ಬಿಟ್ಟರೆ ಹೇಗೆ ಎಂದು ಮೊಹರಂ ಒಂದಕ್ಕೆ ಶುಭಾಶಯ ಬರೆದಿಟ್ಟಿದ್ದರು. ಕೇಳಿದಾಗ ಗೋದಾಮಿನ ಹಿರಿಯರು ಬಿಡಿಸಿ ಹೇಳಿದರು: "ವರ್ಷ ಬದಲಾಗೋದು ಮೊಹರಂನಿಂದ, ಸರಿ. ಆದ್ರೆ ಅದು ಖುಷಿಯ ಶುಭಾಶಯ ಹೇಳೋ ಹಬ್ಬ ಅಲ್ಲಮ್ಮ. ರಂಜಾನ್‌ಗೆ, ಬಕ್ರೀದ್‌ಗೆ ಹೇಳಿ, ಸಾಕು." ಮೊಹರಂನ ಮೊದಲ ಹತ್ತು ದಿನ ಕರ್ಬಲಾದ ಹುತಾತ್ಮರ ಸ್ಮರಣೆ, ಶಿಯಾ ಮನೆಗಳಲ್ಲಿ ಶೋಕ. ಸಂದೇಶ ಅಳಿಸಿದರು, ಮಾರ್ಚ್ 21ಕ್ಕೆ ರಂಜಾನ್ ಶುಭಾಶಯ ಗ್ರೂಪ್‌ಗೇ ಹೋಯಿತು.

ಗುಜರಾತಿ ಅಕೌಂಟೆಂಟ್‌ರ ಬೆಸ್ತು ವರಸ್ ಎಲ್ಲಕ್ಕಿಂತ ಸುಲಭವಾಗಿ ತಪ್ಪಿಹೋಗುವ ಹಬ್ಬ, ಯಾಕೆಂದರೆ ಅದು ನಮ್ಮ ಕಣ್ಣೆದುರೇ ಇದೆ. ಕಾರ್ತಿಕ ಶುದ್ಧ ಪಾಡ್ಯಮಿ, ಅಂದರೆ ನಮ್ಮ ಬಲಿಪಾಡ್ಯಮಿಯ ದಿನ. 2026ರಲ್ಲಿ ನವೆಂಬರ್ 10. ಕಚೇರಿ ದೀಪಾವಳಿ ಶುಭಾಶಯ ಕಳಿಸಿ ಮುಗಿಯಿತೆಂದುಕೊಳ್ಳುತ್ತದೆ, ಅವರಿಗೆ ದೀಪಾವಳಿ ಒಂದು, ಹೊಸ ವರ್ಷ ಇನ್ನೊಂದು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಚೋಪಡಾ ಪೂಜೆ ಮಾಡುವ ಮನೆತನ ಅವರದ್ದು. ಬಲಿಪಾಡ್ಯಮಿಗೆ ರಜೆ ಹೇಗೂ ಇದೆ, ಬೇಕಿರುವುದು ಬೆಳಗ್ಗೆ ಒಂದು ಫೋನ್ ಮತ್ತು "ಸಾಲ್ ಮುಬಾರಕ್" ಎಂಬ ಎರಡು ಪದ. ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದು ಈ ಒಂದು ಸಾಲಿಗೆ ಮಾತ್ರ.

2027ರ ಕೋಷ್ಟಕಕ್ಕೆ ತಾರೀಕಿನ ಕಲಂ ಮತ್ತೆ ಖಾಲಿಯಾಗಿದೆ. ಯುಗಾದಿ ಏಪ್ರಿಲ್ 7ಕ್ಕೆ ಬರುವುದರಿಂದ ಹೊಸತೊಡಕಿನ ಅರ್ಧ ರಜೆ, 14ರ ಜಯಂತಿ, 15ರ ವಿಷು ಎಲ್ಲ ಒಂಬತ್ತು ದಿನದೊಳಗೆ ಸೇರಿಕೊಳ್ಳುತ್ತವೆ. ಲೋಡಿಂಗ್‌ನಲ್ಲಿ ಆ ಒಂಬತ್ತು ದಿನ ಯಾರ ರಜೆ ಯಾರು ತುಂಬಬೇಕು ಎಂಬ ಪಾಳಿಯ ಪಟ್ಟಿಯನ್ನು ಫೆಬ್ರವರಿಯಲ್ಲೇ, ಶುಭಾಶಯದ ಪಟ್ಟಿಯ ಜೊತೆಗೇ ಬರೆಯಬೇಕಾಗುತ್ತದೆ.